ಇಂಟರ್‌ವ್ಯೂಗೆ ಒಂದು ದಿನ ರಜೆ: ಆಫೀಸಿನಲ್ಲಿ ನಾನು ಎಷ್ಟು ಹೇಳಿದೆ

ಸರ್ಕಾರಿ ಬ್ಯಾಂಕುಗಳ ಅಧಿಕಾರಿ ಹುದ್ದೆಗೆ ನಡೆಯುವ ಐಬಿಪಿಎಸ್ ಪಿಒ ಪರೀಕ್ಷೆಯ ಮೇನ್ಸ್ ಪಾಸಾಗಿ ಇಂಟರ್‌ವ್ಯೂ ಕಾಲ್ ಲೆಟರ್ ತೆಗೆದಾಗ ನನ್ನ ಕಣ್ಣು ಮೊದಲು ಹೋಗಿದ್ದು ತಾರೀಕಿನ ಮೇಲೆ. ಜನವರಿ 19. ನಾನಾಗ ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ತಿಂಗಳ 20ಕ್ಕೆ ಕಂಪನಿಯ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ ಹಾಕಲು ಕೊನೇ ದಿನ. ಅದರ ಹಿಂದಿನ ಎರಡು ದಿನ ನಮ್ಮಲ್ಲಿ ಯಾರೂ ರಜೆ ಕೇಳುವುದೇ ಇಲ್ಲ. ಇಂಟರ್‌ವ್ಯೂ ತಾರೀಕು ಬದಲಾಯಿಸಿ ಕೊಡಿ ಎಂದು ಬೇಡಿಕೊಂಡರೂ ಐಬಿಪಿಎಸ್ ಒಪ್ಪುವುದಿಲ್ಲ, ಅದನ್ನು ಅಧಿಸೂಚನೆಯಲ್ಲೇ ಬರೆದಿರುತ್ತಾರೆ. ಕೈಯಲ್ಲಿ ಎಂಟು ದಿನ ಇತ್ತು.

ಹಿಂದಿನ ವರ್ಷವೂ ಇಂಟರ್‌ವ್ಯೂವರೆಗೆ ಹೋಗಿದ್ದೆ. ಆಗ ಸುಳ್ಳು ಹೇಳಿದ್ದೆ. "ಅಜ್ಜಿಗೆ ಹುಷಾರಿಲ್ಲ ಸರ್, ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು" ಅಂತ. ರಜೆ ಒಂದೇ ಮಾತಿಗೆ ಸಿಕ್ಕಿತು. ಬೆಳಿಗ್ಗೆ 8.30ಕ್ಕೆ ವರದಿ ಮಾಡಿಕೊಳ್ಳಬೇಕಿತ್ತು, ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಮೊದಲು ದಾಖಲೆ ಪರಿಶೀಲನೆ, ಆಮೇಲೆ ಸರದಿ. ನನ್ನ ಸರದಿ ಬಂದಾಗ ಎರಡು ಗಂಟೆ ಹತ್ತಿರವಾಗಿತ್ತು. ಫೋನ್ ಆಫ್ ಮಾಡಿ ಬ್ಯಾಗಿನಲ್ಲಿಟ್ಟಿದ್ದೆ. ಹೊರಗೆ ಬಂದು ಆನ್ ಮಾಡಿದರೆ ಮ್ಯಾನೇಜರ್ ಹಾಕಿದ್ದ ಮೂರು ಮೆಸೇಜು. ಮೊದಲನೆಯದು ಯಾವುದೋ ಬಿಲ್ ವಿಷಯ. ಕೊನೆಯದು, "ಫೋನ್ ಹೋಗ್ತಿಲ್ಲ, ಎಲ್ಲಾ ಸರಿ ಇದೆಯಾ ಅಮ್ಮಾ? ದುಡ್ಡೇನಾದ್ರೂ ಬೇಕಾ?"

ಆ ಮೆಸೇಜು ಓದಿ ನಾನು ಬಸ್ ಸ್ಟಾಪಿನಲ್ಲಿ ಸುಮ್ನೆ ನಿಂತುಬಿಟ್ಟೆ. ಮಾರನೇ ದಿನ ಯಾವ ಆಸ್ಪತ್ರೆ, ಏನಂದ್ರು ಡಾಕ್ಟ್ರು ಎಂದು ಕೇಳಿದರು. ಒಂದು ಸುಳ್ಳಿಗೆ ಇನ್ನು ನಾಲ್ಕು ಸೇರಿಸಿದೆ. ಒಂದು ತಿಂಗಳವರೆಗೂ ಅಜ್ಜಿಯನ್ನು ವಿಚಾರಿಸುತ್ತಿದ್ದರು. ಊರಲ್ಲಿ ಅಜ್ಜಿ ಚೆನ್ನಾಗಿ ಓಡಾಡಿಕೊಂಡಿದ್ದರು.

ಅದಕ್ಕೇ ಈ ಸಲ ಎರಡು ವಿಷಯ ಮೊದಲೇ ತೀರ್ಮಾನ ಮಾಡಿಕೊಂಡೆ. ಸುಳ್ಳು ಹೇಳಬಾರದು. ಹಾಗಂತ ಇರುವುದನ್ನೆಲ್ಲ ನಾನಾಗಿ ಹೇಳಲೂಬಾರದು. ಯಾಕೆಂದರೆ ಇಂಟರ್‌ವ್ಯೂಗೆ ಕರೆದ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ. ಅಂತಿಮ ಪಟ್ಟಿಯಲ್ಲಿ ಮೇನ್ಸ್‌ಗೆ 80, ಇಂಟರ್‌ವ್ಯೂಗೆ 20ರ ಪಾಲು. ಮೇನ್ಸ್‌ನಲ್ಲಿ ನಾನು ಅಂಚಿನಲ್ಲಿ ಪಾಸಾಗಿದ್ದೆ. ಆ ಸಲ ಫಲಿತಾಂಶ ಬರುವುದಿದ್ದದ್ದು ಏಪ್ರಿಲ್ ಹೊತ್ತಿಗೆ. ನಮ್ಮಲ್ಲಿ ಸಂಬಳ ಏರಿಸುವ ಮಾತುಕತೆ ಮಾರ್ಚ್‌ನಲ್ಲಿ. "ಇವಳು ಹೇಗಿದ್ರೂ ಹೋಗ್ತಾಳೆ" ಎನ್ನುವ ಮಾತು ಜನವರಿಯಲ್ಲೇ ಹುಟ್ಟಿದರೆ, ಕೆಲಸ ಸಿಗದೇ ಹೋದರೂ ಅದು ಉಳಿದುಬಿಡುತ್ತದೆ.

ಇಲ್ಲಿ ಒಂದು ಮಾತು. ಈ ಆಯ್ಕೆ ನನಗೆ ಇದ್ದದ್ದು ನಾನು ಖಾಸಗಿ ಕೆಲಸದಲ್ಲಿದ್ದೆ ಎನ್ನುವ ಕಾರಣಕ್ಕೆ. ನನ್ನ ರೂಮ್‌ಮೇಟ್ ಸರ್ಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್. ಅವಳೂ ಅದೇ ಪಿಒ ಇಂಟರ್‌ವ್ಯೂಗೆ ಬಂದಿದ್ದಳು. ಸರ್ಕಾರಿ ಕಚೇರಿ, ಸರ್ಕಾರಿ ಬ್ಯಾಂಕುಗಳಲ್ಲಿ ಇರುವವರು ಇಂಟರ್‌ವ್ಯೂ ದಿನ ತಮ್ಮ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ತೋರಿಸಲೇಬೇಕು. ಅವಳು ರಜೆ ಕೇಳುವ ಮೊದಲೇ ಕಾರಣ ಮೇಲಧಿಕಾರಿಯ ಟೇಬಲ್ ಮೇಲೆ ಕೂತಿರುತ್ತದೆ. ಕಾಲ್ ಲೆಟರ್ ಬಂದ ಮೇಲೆ ಎನ್‌ಒಸಿಗೆ ಓಡಾಡಿ, ಕೊನೇ ದಿನ ಸಂಜೆ ಸಹಿ ಹಾಕಿಸಿಕೊಂಡು ಬಂದಳು. ಅಂಥವರು ಮೇನ್ಸ್ ಬರೆದ ಕೂಡಲೇ ಕೇಳಿಡುವುದು ಒಳ್ಳೆಯದು. ಅವರ ವಿಷಯದಲ್ಲಿ ಎಷ್ಟು ಹೇಳಬೇಕು ಎನ್ನುವ ಪ್ರಶ್ನೆಯೇ ಬರುವುದಿಲ್ಲ.

ನಾನು ಮೊದಲು ಬರೆದದ್ದು ರಜೆ ಅರ್ಜಿ. ಹಳೇ ಅರ್ಜಿಗಳಲ್ಲಿ ಎಲ್ಲರೂ ಜ್ವರ, ಮದುವೆ, ಗೃಹಪ್ರವೇಶ ಎಂದು ಬರೆದಿದ್ದರು. ಕಾರಣವನ್ನು ಅಷ್ಟು ಬಿಡಿಸಿ ಬರೆಯಬೇಕು ಎಂದೇನೂ ಇಲ್ಲ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ (1961) ವರ್ಷಕ್ಕೆ 12 ದಿನದ ಸಂಬಳ ಸಹಿತ ರಜೆಯನ್ನು ಕಾಯಿಲೆಗೆ ಮಾತ್ರ ಅಂತ ಇಟ್ಟಿಲ್ಲ, ಬೇರೆ ಸಮಂಜಸ ಕಾರಣಕ್ಕೂ ಕೊಡುತ್ತದೆ. ನಾನು ಹೀಗೆ ಬರೆದೆ:

"ಜನವರಿ 19ರಂದು ಮುಂದೂಡಲು ಆಗದ ವೈಯಕ್ತಿಕ ಕೆಲಸವಿರುವುದರಿಂದ ಒಂದು ಪೂರ್ಣ ದಿನ ರಜೆ ಕೋರುತ್ತೇನೆ. ಅಂದು ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಫೋನಿನಲ್ಲಿ ಸಿಗುವುದಿಲ್ಲ. 3ಬಿಗೆ ಬೇಕಾದ ಲೆಕ್ಕವನ್ನು 18ರ ಸಂಜೆಯೊಳಗೆ ಮುಗಿಸಿ ಕೊಡುತ್ತೇನೆ."

ಫೋನಿನ ವಾಕ್ಯ ಹಿಂದಿನ ವರ್ಷದ ಪಾಠ. ಲೆಕ್ಕದ ವಾಕ್ಯ ಇಲ್ಲದಿದ್ದರೆ ಆ ತಾರೀಕಿಗೆ ರಜೆ ಸಿಗುತ್ತಲೇ ಇರಲಿಲ್ಲ. ನಮ್ಮ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ ಖರೀದಿ ಪಟ್ಟಿ 2ಬಿ ಜೊತೆ ತಾಳೆ ನೋಡುವುದು ನನ್ನ ಕೆಲಸ. 2ಬಿ 14ನೇ ತಾರೀಕು ಬರುತ್ತದೆ. ಅಂದರೆ ನನಗೆ ಸಿಗುವುದು ನಾಲ್ಕು ದಿನ. ಮೂರು ಸಂಜೆ ಎಂಟರವರೆಗೆ ಕೂತೆ.

ಅರ್ಜಿಯನ್ನು ಮೇಲ್ ಮಾಡುವ ಮೊದಲು ಕೈಯಲ್ಲಿ ಹಿಡಿದು ಮ್ಯಾನೇಜರ್ ರೂಮಿನ ಒಳಗೆ ಹೋದೆ. ಇಂಥ ತಾರೀಕಿನ ರಜೆಯನ್ನು ಮುಖ ನೋಡಿಯೇ ಕೇಳಬೇಕು ಅನ್ನಿಸಿತು. ಅವರು ಓದಿದರು, ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

"ಹತ್ತೊಂಬತ್ತೇ ಬೇಕಾ?"

"ಹೌದು ಸರ್. ಒಂದು ಪರೀಕ್ಷೆಗೆ ಸಂಬಂಧಪಟ್ಟಿದ್ದು. ತಾರೀಕು ನನ್ನ ಕೈಯಲ್ಲಿಲ್ಲ."

ಇಲ್ಲಿಗೆ ನಿಲ್ಲಿಸಬೇಕು ಎಂದುಕೊಂಡಿದ್ದೆ. ನೇರವಾಗಿ ಕೇಳಿದರೆ ಮಾತ್ರ ನೇರವಾಗಿ ಹೇಳುವುದು ಎಂದೂ ಅಂದುಕೊಂಡಿದ್ದೆ. ಅವರು ಕೇಳಿಯೇಬಿಟ್ಟರು.

"ಬ್ಯಾಂಕ್ ಪರೀಕ್ಷೆನಾ?"

"ಹೌದು ಸರ್. ಇಂಟರ್‌ವ್ಯೂಗೆ ಕರೆದಿದ್ದಾರೆ. ಸಿಗುತ್ತೆ ಅಂತೇನಿಲ್ಲ. ಸಿಕ್ಕರೆ ಮೊದಲು ನಿಮಗೇ ಹೇಳ್ತೀನಿ, ನೋಟಿಸ್ ಪೀರಿಯಡ್ ಮುಗಿಸ್ತೀನಿ. ಅಲ್ಲಿವರೆಗೂ ಇದು ನಿಮ್ಮಲ್ಲೇ ಇರಲಿ ಸರ್."

ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತಾ ಕೂತರು. "ಹದಿನೆಂಟನೇ ತಾರೀಕು ತಾಳೆ ಪಟ್ಟಿ ನನ್ನ ಟೇಬಲ್ ಮೇಲಿರ್ಬೇಕು" ಎಂದು ಸಹಿ ಹಾಕಿದರು.

ನೋಟಿಸ್ ಪೀರಿಯಡ್ ಮಾತು ಬಾಯಿಗೆ ಸುಮ್ನೆ ಬಂದದ್ದಲ್ಲ. ನಮ್ಮಲ್ಲಿ ಎರಡು ತಿಂಗಳು. ಆಯ್ಕೆಯಾದರೆ ಬ್ಯಾಂಕಿಗೆ ಸೇರುವಾಗ ಹಳೇ ಕಂಪನಿಯ ರಿಲೀವಿಂಗ್ ಲೆಟರ್ ಕೇಳುತ್ತಾರೆ. ಅದಕ್ಕೆ ಸಹಿ ಹಾಕಬೇಕಾದವರೂ ಇವರೇ.

ಪಕ್ಕದ ಟೇಬಲಿನವರಿಗೆ "ಸ್ವಂತ ಕೆಲಸ" ಎಂದಷ್ಟೇ ಹೇಳಿದೆ. ಕಾಲ್ ಲೆಟರನ್ನು ಆಫೀಸ್ ಪ್ರಿಂಟರ್‌ನಲ್ಲಿ ತೆಗೆಯಲಿಲ್ಲ. ಆ ಟ್ರೇಯಲ್ಲಿ ಬಿದ್ದ ಹಾಳೆಯನ್ನು ಎಲ್ಲರೂ ಎತ್ತಿ ಓದುತ್ತಾರೆ. ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ, ಅಂಕಪಟ್ಟಿಗಳ ಪ್ರತಿಯನ್ನೂ ಅಲ್ಲೇ ಮಾಡಿಸಿದೆ.

ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಯೇ ಈಗಿನ ಕೆಲಸದ ಬಗ್ಗೆ. "ಇವತ್ತು 19, ನಾಳೆ ರಿಟರ್ನ್ ಹಾಕಬೇಕಲ್ಲ, ಹೇಗೆ ಬಿಟ್ಟರು?" ಎಂದು ಒಬ್ಬರು ಕೇಳಿದರು. ನಿನ್ನೆ ತಾಳೆ ಮುಗಿಸಿ, ಮ್ಯಾನೇಜರ್‌ಗೆ ಹೇಳಿಯೇ ಬಂದೆ ಎಂದೆ. ಅಲ್ಲಿಂದ 2ಬಿ ಬಗ್ಗೆ ಐದು ನಿಮಿಷ ಮಾತಾಡಿದೆವು. ಗಂಟಲು ಒಣಗಲಿಲ್ಲ.

ಹೇಳಿದ್ದರಿಂದ ನಷ್ಟವೂ ಆಯಿತು. ಫೆಬ್ರವರಿಯಲ್ಲಿ ಹೊಸ ಸಾಫ್ಟ್‌ವೇರ್ ತರಬೇತಿಗೆ ಇಬ್ಬರನ್ನು ಕಳಿಸಿದರು, ನನ್ನನ್ನು ಬಿಟ್ಟರು. ಕಾರಣ ಕೇಳಿದೆ. "ಏಪ್ರಿಲ್ ಆಗ್ಲಿ, ನೋಡೋಣ" ಎಂದರು. ಬೇಜಾರಾಯಿತು. ಆದರೆ ಮಾತು ಅವರ ರೂಮಿನಿಂದ ಹೊರಗೆ ಬರಲಿಲ್ಲ, ಮಾರ್ಚ್‌ನಲ್ಲಿ ಸಂಬಳವೂ ಎಲ್ಲರಷ್ಟೇ ಏರಿತು.

ಏಪ್ರಿಲ್ ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಅದೇ ದಿನ ಒಳಗೆ ಹೋಗಿ ಹೇಳಿದೆ. ಕುರ್ಚಿ ತೋರಿಸಿ ಕೂರಿಸಿದರು, ಟೀ ತರಿಸಿದರು.

"ಮುಂದಿನ ಸಲ ತಾರೀಕು ಬಂದ ದಿನವೇ ಹೇಳಮ್ಮಾ" ಎಂದರು. "ತಾಳೆ ಪಟ್ಟಿಗೆ ಇನ್ನೊಬ್ಬರನ್ನು ಹಾಕ್ತೀನಿ."