ನನ್ನ ಚೆಕ್‌ರೋಲ್ ಹಿಡಿದವರಿಗೆ ಕೃತಜ್ಞತೆ ಹೇಳಿದ ಬಗೆ, ಪುತ್ತರಿಗೆ ಕೊಟ್ಟ ಮಾತು

ಕಾಫಿ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ಒಬ್ಬ ರೈಟರ್ ಕಾಯಿಲೆ ಬಿದ್ದು ಮಲಗಿದರೆ ಅವನ ಕೆಲಸ ಪಕ್ಕದ ಡಿವಿಷನ್ನಿನ ರೈಟರ್ ಹೆಗಲಿಗೆ ಬೀಳುತ್ತದೆ. ನಾನು ನೋಡಿಕೊಳ್ಳುವುದು ರೋಬಸ್ಟಾ ಡಿವಿಷನ್, ಪಕ್ಕದ ರೈಟರ್ ಅಣ್ಣನದು ಅರೇಬಿಕಾ. ಫೆಬ್ರವರಿಯಲ್ಲಿ, ಕುಯ್ಲು ಇನ್ನೂ ಮುಗಿದಿರದಾಗ, ನನಗೆ ಕಾಮಾಲೆ ಬಂತು. ಬೆಳಿಗ್ಗೆ ಹಾಜರಿ, ಸಂಜೆ ತೂಕ, ಕಣದ ಕಾಫಿ, ವಾರದ ಬಟವಾಡೆ ಎಲ್ಲವನ್ನೂ ಅವರೇ ನಡೆಸಿದರು. ತಮ್ಮ ಡಿವಿಷನ್ನಿನ ಕೆಲಸ ಮುಗಿಸಿ ಬೈಕಿನಲ್ಲಿ ಬಂದು ಇದನ್ನು ಮಾಡಿದರು.

ಹಾಸಿಗೆಯಲ್ಲಿರುವಾಗ ಕಳಿಸುವ ಮೆಸೇಜು ಚಿಕ್ಕದಿರಲಿ. "ಅಣ್ಣ, ನೀವು ನೋಡಿಕೊಳ್ಳುತ್ತಿದ್ದೀರಿ ಎಂದು ನೆಮ್ಮದಿಯಾಗಿ ಮಲಗಿದ್ದೇನೆ. ಬೀಗದ ಕೈ ಮೇಸ್ತ್ರಿ ಹತ್ತಿರ ಇದೆ. ನನ್ನಿಂದ ಏನಾದರೂ ವಿವರ ಬೇಕಾದರೆ ಮಾತ್ರ ಫೋನ್ ಮಾಡಿ." ನಾನು ಬರೆದದ್ದು ಇಷ್ಟೇ. ಇಂದು ಎಷ್ಟು ಕೆಜಿ ಬಂತು, ಕಣದಲ್ಲಿ ಕಾಫಿ ತಿರುವಿದರೇ ಎಂದು ಕೇಳಬಾರದು. ಆ ಪ್ರಶ್ನೆ ಕಾಳಜಿಯಂತೆ ಕಂಡರೂ, ತೂಕ ಮುಗಿಸಿ ಕತ್ತಲಲ್ಲಿ ಮನೆಗೆ ಹೋಗುವವರಿಗೆ ಅದು ಲೆಕ್ಕ ಕೇಳಿದಂತೆ ಕೇಳಿಸುತ್ತದೆ.

ನಿಜವಾದ ಮಾತನ್ನು ಮುಖಾಮುಖಿ ಆಡುವ ಮೊದಲು ನಾನು ಪುಸ್ತಕಗಳನ್ನು ಓದಿದೆ. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್, ತೂಕದ ಪುಸ್ತಕ, ಕಣದ ಪುಸ್ತಕ ಮೂರನ್ನೂ ತೆರೆದರೆ ಅವರು ಏನೇನು ಮಾಡಿದ್ದಾರೆ ಎಂದು ತಿಳಿಯುತ್ತದೆ. ಬರೀ "ತುಂಬಾ ಉಪಕಾರವಾಯಿತು" ಎಂದರೆ ಅವರು "ಅದರಲ್ಲೇನಿದೆ" ಎನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಕಣದ ಪುಸ್ತಕದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಚೆರ್ರಿಯನ್ನು ಕಣದಲ್ಲಿ ಸುಮಾರು 8 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಗಂಟೆಗೊಮ್ಮೆ ತಿರುವಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ದಪ್ಪ ಹರಡಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ; ಇಬ್ಬನಿ ಬಿದ್ದರೆ ಒಣಗಿದ್ದೂ ಮತ್ತೆ ತೇವವಾಗುತ್ತದೆ. ಒಳ್ಳೆಯ ಬಿಸಿಲಿದ್ದರೆ 12ರಿಂದ 15 ದಿನ ಹಿಡಿಯುತ್ತದೆ. ಒಂದು ಹಿಡಿ ತೆಗೆದು ಅಲ್ಲಾಡಿಸಿದಾಗ ಗಿಲಕಿಯಂತೆ ಸದ್ದು ಬಂದರೆ ಒಣಗಿದೆ ಎಂದು ಲೆಕ್ಕ. ನಡುವೆ ಮೋಡ ಕವಿದಿದ್ದ ದಿನಗಳಲ್ಲಿ ಅವರು ಅವಸರ ಮಾಡಿ ಚೀಲಕ್ಕೆ ತುಂಬಿಸಿರಲಿಲ್ಲ. ಹೊಸ ಕಾಯಿಯನ್ನು ಹಳೆಯದರ ಜೊತೆ ಬೆರೆಸಿರಲಿಲ್ಲ, ಬೇರೆ ಸಾಲಿನಲ್ಲಿ ಹರಡಿಸಿ ತಾರೀಖು ಬರೆಸಿದ್ದರು. ಬದಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವುದೇ ಇದನ್ನು.

ಹಾಗಾಗಿ ನಾನು ಹೇಳಿದ್ದು ಹೀಗೆ: "ಅಣ್ಣ, ಮೋಡ ಇದ್ದ ವಾರದಲ್ಲಿ ಹೊಸ ಕಾಯಿಯನ್ನು ಬೇರೆ ಹರಡಿಸಿದಿರಲ್ಲ, ಅದರಿಂದ ಹಳೆಯ ಲಾಟು ಉಳಿಯಿತು. ನಿಮ್ಮ ಡಿವಿಷನ್ನಿನ ಕೆಲಸ ಮುಗಿಸಿ ಬಂದು ಇದನ್ನೂ ನೋಡಿದ್ದೀರಿ. ಮರೆಯುವುದಿಲ್ಲ." ಇದೇ ಮಾತನ್ನು ಮ್ಯಾನೇಜರ್ ಎದುರಿಗೂ, ಬೆಳಿಗ್ಗೆ ಹಾಜರಿ ಕರೆಯುವಾಗ ಆಳುಗಳ ಎದುರಿಗೂ ಹೇಳಿದೆ. ಮ್ಯಾನೇಜರ್‌ಗೆ ತಿಳಿಯದಿದ್ದರೆ ಅವರ ಎರಡು ಡಿವಿಷನ್ನಿನ ದುಡಿಮೆ ಎಲ್ಲೂ ದಾಖಲಾಗುವುದಿಲ್ಲ. ಹೇಳುವ ಹೊತ್ತನ್ನೂ ನೋಡಬೇಕು. ಸಂಜೆ ತೂಕದ ತಕ್ಕಡಿ ಮುಂದೆ ಸಾಲು ನಿಂತಿರುವಾಗ ಬೇಡ, ಬಟವಾಡೆ ಮುಗಿದ ಮೇಲೆ ಚಹಾ ಕುಡಿಯುವಾಗ ಸರಿ.

ಪುಸ್ತಕ ಓದುವಾಗ ಒಂದು ವ್ಯತ್ಯಾಸವೂ ಸಿಗಬಹುದು. ತೂಕದಲ್ಲಿ ಖಾಲಿ ಚೀಲದ ಭಾರವೆಂದು ನಾನು ಪ್ರತಿ ಚೀಲಕ್ಕೆ ಒಂದು ಕೆಜಿ ಕಳೆಯುತ್ತೇನೆ, ಅವರು ಅರ್ಧ ಕೆಜಿ ಕಳೆದಿದ್ದರು. ಚೀಲಕ್ಕೆ ಅರ್ಧ ಕೆಜಿ ಆಳುಗಳ ಕಡೆಗೆ ಹೆಚ್ಚು ಹೋಗಿದೆ ಎಂದಾಯಿತು. ಕೃತಜ್ಞತೆ ಹೇಳುವ ದಿನ ಇದನ್ನು ಎತ್ತಬಾರದು, ಕೊಟ್ಟುಬಿಟ್ಟ ಕೂಲಿಯನ್ನು ವಾಪಸು ಲೆಕ್ಕ ಹಾಕುವುದಂತೂ ಬೇಡ. ನಾನು ಮ್ಯಾನೇಜರ್ ಹತ್ತಿರ ವಿಷಯ ತಿಳಿಸಿ, ಎರಡೂ ಡಿವಿಷನ್ನಿಗೆ ಒಂದೇ ಕಳೆತ ಇರಲಿ ಎಂದು ಕೇಳಿದೆ. ಮುಂದಿನ ವಾರದಿಂದ ಎಂದು ಆಳುಗಳಿಗೆ ಮೊದಲೇ ಹೇಳಲಾಯಿತು. ಖಾಲಿ ಚೀಲವನ್ನೇ ಅವರ ಮುಂದೆ ತೂಗಿ ತೋರಿಸಿದರೆ ಮಾತು ಬೆಳೆಯುವುದಿಲ್ಲ.

ಹಣದ ವಿಷಯಕ್ಕೆ ಬಂದರೆ, ಪೆಟ್ರೋಲ್ ಬೇರೆ, ಉಪಕಾರ ಬೇರೆ. ಎರಡು ಡಿವಿಷನ್ನಿನ ನಡುವಿನ ದೂರ, ಬಂದು ಹೋದ ದಿನಗಳು ಚೆಕ್‌ರೋಲ್‌ನಲ್ಲೇ ಸಿಗುತ್ತವೆ. ಅದನ್ನು ಲೆಕ್ಕ ಮಾಡಿ, ಮೊದಲು ಆಫೀಸಿನಿಂದ ಕೊಡಿಸಲು ಮ್ಯಾನೇಜರ್‌ಗೆ ಚೀಟಿ ಬರೆದೆ. ಅಲ್ಲಿ ಆಗದಿದ್ದರೆ ನಾನೇ ಕೊಡುವುದೆಂದು ನಿಶ್ಚಯಿಸಿದ್ದೆ. ಅದಕ್ಕಿಂತ ಹೆಚ್ಚು ನೋಟು ಮಡಚಿ ಕೊಡುವುದು ಬೇಡ. ಹಾಗೆ ಕೊಟ್ಟರೆ ಅವರು ಕೂಲಿಗೆ ಬಂದಂತಾಗುತ್ತದೆ, ಮುಂದಿನ ಸಲ ಅವರಿಗೆ ಕಷ್ಟ ಬಂದಾಗ ಸಂಕೋಚವಿಲ್ಲದೆ ನಮ್ಮನ್ನು ಕರೆಯುವ ದಾರಿಯೂ ಮುಚ್ಚುತ್ತದೆ.

ಉಪಕಾರ ತೀರಿಸುವ ಮಾತು ಹೆಚ್ಚು ಯೋಚನೆ ಬೇಡುತ್ತದೆ. "ಏನು ಬೇಕಾದರೂ ಹೇಳಿ ಅಣ್ಣ" ಎಂದರೆ ಅವರು ಯಾವತ್ತೂ ಹೇಳುವುದಿಲ್ಲ. ಯಾವ ಕೆಲಸ, ಯಾವಾಗ ಎಂದು ನಾವೇ ಹೇಳಬೇಕು. ಇಲ್ಲಿ ನಮಗೆ ತೋಟವೇ ಅನುಕೂಲ ಮಾಡಿಕೊಟ್ಟಿದೆ. ಅರೇಬಿಕಾ ಕುಯ್ಲು ನವೆಂಬರ್‌ನಲ್ಲಿ ಶುರುವಾಗುತ್ತದೆ, ರೋಬಸ್ಟಾ ಹಣ್ಣಾಗುವುದು ಆಮೇಲೆ. ಅವರಿಗೆ ಉಸಿರಾಡಲು ಬಿಡುವಿಲ್ಲದ ಹೊತ್ತಿನಲ್ಲಿ ನನ್ನ ಡಿವಿಷನ್ ಹಗುರವಾಗಿರುತ್ತದೆ. ಅದೇ ಹೊತ್ತಿಗೆ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನ ಹುಣ್ಣಿಮೆಗೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ. ಮನೆತನದ ಹಿರಿಮನೆಯಾದ ಐನ್‌ಮನೆಗೆ ಹೋಗಿ ಕದಿರು ತೆಗೆಯಬೇಕು, ಮರುದಿನಗಳಲ್ಲಿ ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟ ಇರುತ್ತದೆ. ಕುಯ್ಲಿನ ಗಡಿಬಿಡಿಯಲ್ಲಿ ಅವರಿಗೆ ನೆಮ್ಮದಿಯಾಗಿ ಹೋಗಿಬರುವುದೇ ಕಷ್ಟ.

"ಅಣ್ಣ, ಈ ಸಲ ಪುತ್ತರಿಗೆ ಹಿಂದಿನ ದಿನದಿಂದ ಕೋಲಾಟ ಮುಗಿಯುವವರೆಗೆ ನಿಮ್ಮ ಹಾಜರಿ, ತೂಕ ನನ್ನದು. ಮ್ಯಾನೇಜರ್ ಹತ್ತಿರ ಕೇಳಿದ್ದೇನೆ, ಒಪ್ಪಿದ್ದಾರೆ." ಮೊದಲು ಮ್ಯಾನೇಜರ್ ಒಪ್ಪಿಗೆ ಪಡೆದು ಆಮೇಲೆ ಮಾತು ಕೊಡಬೇಕು, ಇಲ್ಲದಿದ್ದರೆ ಹಬ್ಬದ ಹೊತ್ತಿಗೆ ಮಾತು ತಪ್ಪಿ, ಅವರಿಗೆ ಬೇರೆ ಏರ್ಪಾಡಿಗೂ ಸಮಯ ಇರುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ನನ್ನಿಂದಾಗದು ಎಂದೂ ಆಗಲೇ ಹೇಳಿದೆ. ಆಗ ನನ್ನ ಕುಯ್ಲು, ಕುಯ್ಲು ಮುಗಿದ ಕಡೆ ಹೂವಿಗೆ ಸ್ಪ್ರಿಂಕ್ಲರ್ ನೀರು ಎರಡೂ ಒಟ್ಟಿಗೆ ನಡೆಯುತ್ತವೆ.

ಒಂದು ಮಿತಿ ಇದೆ. ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಪಲ್ಪರ್ ಯಂತ್ರಕ್ಕೆ ಹಾಕಿ ತೊಗಟೆ ಬಿಡಿಸುವ ಪಲ್ಪಿಂಗ್ ಮಾಡಬೇಕು, ತಡವಾದರೆ ಬೇಳೆಯ ರುಚಿ ಕೆಡುತ್ತದೆ. ನನಗೆ ರೋಬಸ್ಟಾ ಚೆರ್ರಿ ಒಣಗಿಸಿ ಅಭ್ಯಾಸ, ಪಲ್ಪರ್ ಅಲ್ಲ. ತೊಗಟೆಯ ಜೊತೆ ಬೇಳೆ ಹೊರಗೆ ಬಂದರೆ, ಅಥವಾ ಬೇಳೆ ತುಂಡಾಗಿ ಬಂದರೆ, ಪಲ್ಪರಿನ ಸಂದು ಸರಿಯಿಲ್ಲ ಎಂದು ತಿಳಿದಿದ್ದರೂ ಅದನ್ನು ಹೊಂದಿಸುವ ಕೈ ನನಗಿಲ್ಲ. ಹಾಗಾಗಿ ಯಂತ್ರದ ಕೆಲಸ ಅವರ ಪಲ್ಪರ್ ಆಳಿನದೇ ಆಗಿರಲಿ, ನಾನು ಹಣ್ಣು ಆರಿಸಿದ್ದಾರೆಯೇ ನೋಡಿ ತೂಕ ಬರೆದು ಕೊಡುತ್ತೇನೆ ಎಂದು ಒಪ್ಪಂದವಾಯಿತು. ನವೆಂಬರ್‌ನಲ್ಲಿ ಅವರ ಮೊದಲ ಕುಯ್ಲು ಶುರುವಾದಾಗ ಒಂದು ಸಂಜೆ ಅವರ ಪಕ್ಕದಲ್ಲಿ ನಿಂತು ಅವರ ತೂಕದ ಪುಸ್ತಕದ ಕ್ರಮ ನೋಡಿಕೊಳ್ಳುತ್ತೇನೆ. ಪುತ್ತರಿಯ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗಿ ಪ್ರಕಟವಾದ ಮೇಲೆ ನಾನೇ ಅವರಿಗೆ ಫೋನ್ ಮಾಡಿ, ಬೀಗದ ಕೈ ತೆಗೆದುಕೊಳ್ಳಲು ಎಷ್ಟು ಹೊತ್ತಿಗೆ ಬರಲಿ ಎಂದು ಕೇಳುವುದು. ಅವರು ಕೇಳುವವರೆಗೆ ಕಾಯುವುದಿಲ್ಲ.