ಬಡ್ಡಿ ಸೊನ್ನೆ ಮಾಡಿದಾಗ ಸಿಕ್ಕಿಬಿದ್ದ ತಪ್ಪು: ಅವಧಿ ವಿಮೆಯ ನಿವ್ವಳ ಏಕ ಪ್ರೀಮಿಯಂ

ವಿಮಾ ಗಣಿತದ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಸಿಕ್ಕ ಮೊದಲ ಲೆಕ್ಕ ಚಿಕ್ಕದು. ನಲವತ್ತು ವರ್ಷದ ವ್ಯಕ್ತಿಗೆ ಐದು ವರ್ಷದ ಅವಧಿ ವಿಮೆ, ಮೊತ್ತ 1,00,000. ಐದು ವರ್ಷದೊಳಗೆ ಸತ್ತರೆ ವಾರಸುದಾರರಿಗೆ ಹಣ, ಬದುಕಿ ಉಳಿದರೆ ಏನೂ ಇಲ್ಲ. ಇಡೀ ಅವಧಿಗೆ ಪ್ರೀಮಿಯಂ ಒಂದೇ ಸಲ ಕಟ್ಟುವುದಾದರೆ, ಕಚೇರಿಯ ಖರ್ಚು, ಕಮಿಷನ್, ಲಾಭ ಯಾವುದನ್ನೂ ಸೇರಿಸದೆ, ಸಾವಿನ ಅಪಾಯಕ್ಕೆ ಮಾತ್ರ ಇಂದು ಎಷ್ಟು ತೆಗೆದುಕೊಳ್ಳಬೇಕು? ಇದೇ ನಿವ್ವಳ ಏಕ ಪ್ರೀಮಿಯಂ.

ಲೆಕ್ಕವನ್ನು ಅರ್ಧ ಗಂಟೆಯಲ್ಲಿ ಮುಗಿಸಿದ್ದೆ. ಉತ್ತರ ತಪ್ಪಾಗಿತ್ತು. ತಪ್ಪು ಎಷ್ಟು ಸಣ್ಣದೆಂದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದು ಹೇಗೆ ಸಿಕ್ಕಿತು, ಅಂದಿನಿಂದ ನಾನು ಈ ಲೆಕ್ಕವನ್ನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರಣ ಕೋಷ್ಟಕದಲ್ಲಿ ಪ್ರತಿ ವಯಸ್ಸಿನ ಎದುರು ಮುಖ್ಯವಾಗಿ ಒಂದು ಸಂಖ್ಯೆ ಇರುತ್ತದೆ. ಆ ವಯಸ್ಸನ್ನು ಮುಟ್ಟಿದವರಲ್ಲಿ ಮುಂದಿನ ಹುಟ್ಟುಹಬ್ಬದೊಳಗೆ ಸಾಯುವವರ ಪ್ರಮಾಣ ಅದು. ಅದನ್ನು `q` ಎಂದು ಬರೆಯುತ್ತಾರೆ. ಇಲ್ಲಿ ಉದಾಹರಣೆಗಾಗಿ ನಾನೇ ಐದು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತೇನೆ: 40ರಿಂದ 44ರವರೆಗೆ ಕ್ರಮವಾಗಿ 0.0020, 0.0022, 0.0024, 0.0027, 0.0030. ಬಡ್ಡಿ ವರ್ಷಕ್ಕೆ ಶೇ 6. ಪರಿಹಾರವನ್ನು ಸಾವು ಸಂಭವಿಸಿದ ವರ್ಷದ ಕೊನೆಯಲ್ಲಿ ಕೊಡುತ್ತೇವೆ ಎಂದು ಸದ್ಯಕ್ಕೆ ಒಪ್ಪಿಕೊಳ್ಳೋಣ.

ಆ ದಿನ ನಾನು ಮಾಡಿದ್ದು ಇಷ್ಟು. ಪ್ರತಿ ವರ್ಷದ `q` ಅನ್ನು ಆ ವರ್ಷದ ಇಂದಿನ ಮೌಲ್ಯದ ಅಂಶದಿಂದ ಗುಣಿಸಿ, ಐದನ್ನೂ ಕೂಡಿಸಿದೆ. ಮೊದಲ ವರ್ಷದ ಕೊನೆಯಲ್ಲಿ ಕೊಡುವ 1ರ ಇಂದಿನ ಬೆಲೆ 1/1.06, ಅಂದರೆ 0.9434. ಎರಡನೆಯ ವರ್ಷದ್ದು 0.8900. ಹೀಗೆ ಮುಂದುವರಿದು ಐದನೆಯ ವರ್ಷಕ್ಕೆ 0.7473. ಕೂಡಿಸಿದರೆ 0.010240 ಬಂತು. ಮೊತ್ತ 1,00,000ಕ್ಕೆ ಪ್ರೀಮಿಯಂ 1,024.03.

ನನ್ನ ಹಿರಿಯ ಸಹೋದ್ಯೋಗಿ ಹಾಳೆಯನ್ನು ಒಮ್ಮೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಬಡ್ಡಿ ಸೊನ್ನೆ ಮಾಡಿದರೆ ಎಷ್ಟು ಬರುತ್ತದೆ, ನೋಡಿದಿರಾ?"

ನೋಡಿದೆ. 1,230 ಬಂತು. ಅವರು ಪಕ್ಕದಲ್ಲಿ ಇನ್ನೊಂದು ಲೆಕ್ಕ ಹಾಕಿದರು. ಬಡ್ಡಿಯೇ ಇಲ್ಲದಿದ್ದರೆ ಹಣ ಇಂದು ಕೊಟ್ಟರೂ ನಾಳೆ ಕೊಟ್ಟರೂ ಒಂದೇ. ಆಗ ಪ್ರೀಮಿಯಂ ಎಂದರೆ ಐದು ವರ್ಷದೊಳಗೆ ಸಾಯುವ ಸಂಭವ ಮಾತ್ರ. ಅದನ್ನು ಬದುಕಿ ಉಳಿಯುವ ಸಂಭವದಿಂದಲೇ ತಿಳಿಯಬಹುದು: 0.9980, 0.9978, 0.9976, 0.9973, 0.9970 ಇವುಗಳ ಗುಣಲಬ್ಧ 0.98776. ಒಂದರಿಂದ ಕಳೆದರೆ 0.01224. ಅಂದರೆ ಬರಬೇಕಾದದ್ದು 1,224. ನನ್ನ ಉತ್ತರದಲ್ಲಿ 6 ಹೆಚ್ಚಿತ್ತು.

ಆ ಆರು ಎಲ್ಲಿಂದ ಬಂತು? 44ರ ಎದುರಿನ 0.0030 ಎಂಬುದು 44 ಮುಟ್ಟಿದವರಿಗೆ ಅನ್ವಯಿಸುವ ಪ್ರಮಾಣ. ನಾವು ಪ್ರೀಮಿಯಂ ತೆಗೆದುಕೊಳ್ಳುತ್ತಿರುವುದು 40ರಲ್ಲಿ ಇರುವವರಿಂದ. ಅವರಲ್ಲಿ ಕೆಲವರು 44 ಮುಟ್ಟುವ ಮೊದಲೇ ತೀರಿಕೊಂಡಿರುತ್ತಾರೆ. ಅವರಿಗೆ ಒಮ್ಮೆ ಪರಿಹಾರ ಕೊಟ್ಟಾಗಿದೆ. ನಾನು ಮಾತ್ರ ಅವರನ್ನು ಮತ್ತೆ ಮತ್ತೆ ಸಾಯುವವರ ಪಟ್ಟಿಗೆ ಸೇರಿಸಿದ್ದೆ. ಪ್ರತಿ ವರ್ಷದ `q` ಅನ್ನು ಆ ವರ್ಷದ ಆರಂಭದವರೆಗೆ ಬದುಕಿರುವ ಸಂಭವದಿಂದ ಗುಣಿಸಬೇಕಿತ್ತು.

ಈ ತಪ್ಪು ಅಪಾಯಕಾರಿಯಾಗುವುದು ಅದು ಅಡಗಿಕೊಳ್ಳುವ ರೀತಿಯಿಂದ. ವಯಸ್ಸು ಕಡಿಮೆ, ಅವಧಿ ಚಿಕ್ಕದು ಎಂದಾದರೆ ವ್ಯತ್ಯಾಸ ಸಾವಿರಕ್ಕೆ ಐದರಷ್ಟೂ ಇಲ್ಲ. ಈಗ ವಯಸ್ಸಾದವರ ಗುಂಪೊಂದನ್ನು ಊಹಿಸಿಕೊಳ್ಳಿ. ಸರಳವಾಗಿರಲೆಂದು ಪ್ರತಿ ವರ್ಷದ `q` 0.05 ಎಂದೇ ಇರಲಿ, ಅವಧಿ 25 ವರ್ಷ. ನನ್ನ ತಪ್ಪು ವಿಧಾನದಲ್ಲಿ ಶೇ 6ರ ಬಡ್ಡಿಗೆ ಪ್ರೀಮಿಯಂ ಸುಮಾರು 63,900 ಬರುತ್ತದೆ. ಸರಿಯಾದದ್ದು ಸುಮಾರು 42,500. ಅರ್ಧದಷ್ಟು ಹೆಚ್ಚು ವಸೂಲಿ. ಆದರೂ 63,900 ಎಂಬ ಸಂಖ್ಯೆ 1,00,000ಕ್ಕಿಂತ ಕಡಿಮೆ ಇರುವುದರಿಂದ ಅಸಾಧ್ಯವೆಂದು ಕಾಣುವುದಿಲ್ಲ. ಬಡ್ಡಿ ಸೊನ್ನೆ ಮಾಡಿದ ಕೂಡಲೇ ಅದೇ ತಪ್ಪು ವಿಧಾನ 1,25,000 ಕೊಡುತ್ತದೆ. ಸಾವಿನ ಸಂಭವ ಒಂದನ್ನು ಮೀರಿದೆ, ಅಂದರೆ ಒಬ್ಬ ಮನುಷ್ಯ ಒಂದಕ್ಕಿಂತ ಹೆಚ್ಚು ಸಲ ಸಾಯುತ್ತಾನೆ ಎಂದು ಲೆಕ್ಕ ಹೇಳುತ್ತಿದೆ. ಬಡ್ಡಿಯ ಪರದೆ ಸರಿಸಿದಾಗ ಮಾತ್ರ ಅದು ಕಾಣುತ್ತದೆ.

ಅಂದಿನಿಂದ ನಾನು ಸಂಭವಗಳನ್ನು ಬಿಟ್ಟು ತಲೆಗಳನ್ನು ಎಣಿಸಲು ಆರಂಭಿಸಿದೆ. ಒಂದೇ ದಿನ ಒಂದೇ ಪಾಲಿಸಿ ತೆಗೆದುಕೊಂಡ 40ರ ವಯಸ್ಸಿನ 1,00,000 ಜನರನ್ನು ಮುಂದೆ ನಿಲ್ಲಿಸಿಕೊಳ್ಳುತ್ತೇನೆ. ಪ್ರತಿ ವರ್ಷ ಎಷ್ಟು ಜನ ಉಳಿದರು, ಅವರಲ್ಲಿ ಎಷ್ಟು ಜನ ಸತ್ತರು ಎಂದು ಕೆಳಗಿಳಿಯುತ್ತಾ ಹೋಗುತ್ತೇನೆ.

```
ವಯಸ್ಸು   ಬದುಕಿರುವವರು   ಸಾವು    ಅಂಶ      ಇಂದಿನ ಮೌಲ್ಯ
40       1,00,000       200    0.9434    188.68
41         99,800       220    0.8900    195.80
42         99,580       239    0.8396    200.67
43         99,341       268    0.7921    212.28
44         99,073       297    0.7473    221.94
```

ಕೊನೆಯ ಕಂಬವನ್ನು ಕೂಡಿಸಿದರೆ, ಸುತ್ತುವ ಮೊದಲಿನ ಅಂಶಗಳಲ್ಲಿ, 1,019.36. ಇದು ಒಟ್ಟು ಪರಿಹಾರಗಳ ಇಂದಿನ ಮೌಲ್ಯ, ಅಳತೆ ಪಾಲಿಸಿ ಮೊತ್ತದಲ್ಲಿ. ಅಂದರೆ 1,019.36 ಪರಿಹಾರಗಳಷ್ಟು ಹಣ. ಅದನ್ನು 1,00,000 ಜನರಿಗೆ ಹಂಚಿ, ಪ್ರತಿ ಪಾಲನ್ನು ಪಾಲಿಸಿ ಮೊತ್ತ 1,00,000ದಿಂದ ಗುಣಿಸಿದರೆ ತಲೆಗೆ 1,019.36 ಬರುತ್ತದೆ. ಜನರ ಸಂಖ್ಯೆಯೂ ಮೊತ್ತವೂ ಒಂದೇ ಆಗಿರುವುದರಿಂದ ಇಲ್ಲಿ ಎರಡೂ ಉತ್ತರ ಒಂದೇ. ಬೇರೆ ಸಂಖ್ಯೆಗಳಿದ್ದಾಗ ಈ ಭಾಗಾಕಾರವನ್ನು ಮರೆಯಬಾರದು.

ಇದನ್ನೇ ಕಂಪ್ಯೂಟರಿನಲ್ಲಿ ಹೀಗೆ ಬರೆಯುತ್ತೇನೆ. ನನ್ನ ಹಳೆಯ ತಪ್ಪು ಎಂದರೆ ಕೊನೆಯ ಸಾಲು ಇಲ್ಲದಿರುವುದು.

```
q = [0.0020, 0.0022, 0.0024, 0.0027, 0.0030]
i, l, A = 0.06, 1.0, 0.0
for k, qx in enumerate(q):
    A += l * qx / (1 + i)**(k + 1)
    l *= 1 - qx
```

ಇದು 0.0101931 ಕೊಡುತ್ತದೆ, ಅಂದರೆ 1,019.31. ಕೈಲೆಕ್ಕಕ್ಕೂ ಇದಕ್ಕೂ ಇರುವ ಐದು ಪೈಸೆಯಷ್ಟು ಅಂತರಕ್ಕೆ ಕಾರಣ ಸಾವಿನ ಸಂಖ್ಯೆಯನ್ನು ನಾನು ಪೂರ್ಣಾಂಕಕ್ಕೆ ಸುತ್ತಿದ್ದು. ಇಂಥ ಅಂತರವನ್ನೂ ಎಲ್ಲಿಂದ ಬಂತು ಎಂದು ತಿಳಿಯದೆ ಬಿಡುವುದಿಲ್ಲ. ಶೇ 6ರ ಬಡ್ಡಿಯಲ್ಲಿ ನನ್ನ ಹಳೆಯ ತಪ್ಪಿನ ಗಾತ್ರವೂ ಐದು ರೂಪಾಯಿಯ ಒಳಗೇ ಇತ್ತಲ್ಲ.

ಉತ್ತರ ಬಂದ ಮೇಲೆ ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಇದು ನನಗೆ ಬಹಳ ಇಷ್ಟವಾದ ಹೆಜ್ಜೆ. ವಸೂಲಾದ ಹಣವನ್ನು ನಿಧಿಯಾಗಿ ಇಟ್ಟು, ನಿಜವಾಗಿ ಐದು ವರ್ಷ ನಡೆಸಿ ನೋಡುವುದು. ಆರಂಭದಲ್ಲಿ 1,019.36 ಪರಿಹಾರಗಳಷ್ಟು ಹಣ ಇದೆ. ಶೇ 6 ಬಡ್ಡಿ ಸೇರಿ 1,080.53. ಇನ್ನೂರು ಪರಿಹಾರ ಕೊಟ್ಟರೆ 880.53 ಉಳಿಯುತ್ತದೆ. ಮತ್ತೆ ಬಡ್ಡಿ ಸೇರಿ 933.36, ಕೊಟ್ಟದ್ದು 220, ಉಳಿದದ್ದು 713.36. ಮೂರನೆಯ ವರ್ಷದ ಕೊನೆಗೆ 517.16, ನಾಲ್ಕನೆಯದಕ್ಕೆ 280.19. ಐದನೆಯ ವರ್ಷ ಅದು ಬಡ್ಡಿ ಸೇರಿ 297.00 ಆಗುತ್ತದೆ. ಆ ವರ್ಷ ಸಾಯುವವರು 297. ನಿಧಿ ಸರಿಯಾಗಿ ಸೊನ್ನೆಗೆ ಬಂದು ನಿಲ್ಲುತ್ತದೆ.

ಸೊನ್ನೆಗೆ ಬಾರದಿದ್ದರೆ ಉಳಿಕೆಯೇ ತಪ್ಪಿನ ಜಾಡು ಹೇಳುತ್ತದೆ. ನನ್ನ 1,024.03ರಿಂದ ಆರಂಭಿಸಿದ್ದರೆ ಕೊನೆಯಲ್ಲಿ ಸುಮಾರು 6.25 ಪರಿಹಾರಗಳಷ್ಟು ಹಣ ಉಳಿಯುತ್ತಿತ್ತು. ಮೇಲಿನ ಸೂತ್ರದಲ್ಲಿ `k + 1` ಬದಲು `k` ಎಂದು ಬರೆದು ಪ್ರತಿ ಪರಿಹಾರವನ್ನೂ ಒಂದು ವರ್ಷ ಮುಂಚೆ ಕೊಟ್ಟಂತೆ ಲೆಕ್ಕ ಹಾಕಿದ್ದರೆ ಪ್ರೀಮಿಯಂ 1,080.47 ಆಗಿ, ಕೊನೆಯಲ್ಲಿ 81.77 ಉಳಿಯುತ್ತಿತ್ತು. ಈ ಎರಡನೆಯ ತಪ್ಪನ್ನು ಸೊನ್ನೆ ಬಡ್ಡಿಯ ಪರೀಕ್ಷೆ ಹಿಡಿಯುವುದಿಲ್ಲ. ಬಡ್ಡಿ ಇಲ್ಲದಿದ್ದರೆ ದಿನಾಂಕಕ್ಕೆ ಬೆಲೆಯೇ ಇಲ್ಲವಲ್ಲ. ಹಾಗಾಗಿ ಎರಡೂ ಪರೀಕ್ಷೆ ಬೇಕು.

ದಿನಾಂಕದ ಮಾತು ಬಂದದ್ದರಿಂದ ಆರಂಭದಲ್ಲಿ ಒಪ್ಪಿಕೊಂಡ ಒಂದು ಸಂಗತಿಗೆ ಮರಳಬೇಕು. ಸಾವು ವರ್ಷದ ಕೊನೆಯವರೆಗೆ ಕಾಯುವುದಿಲ್ಲ, ಪರಿಹಾರವೂ ಕಾಯಬಾರದು. ಸಾವುಗಳು ವರ್ಷದುದ್ದಕ್ಕೂ ಸಮನಾಗಿ ಹರಡಿವೆ ಎಂದುಕೊಂಡರೆ ಸರಾಸರಿ ಪಾವತಿ ಅರ್ಧ ವರ್ಷ ಮುಂಚೆ ಆಗುತ್ತದೆ. ಹಾಗಾಗಿ ಉತ್ತರವನ್ನು 1.06ರ ವರ್ಗಮೂಲವಾದ 1.0296ರಿಂದ ಗುಣಿಸಿದರೆ ಸಾಕು: 1,049.50. ಬಡ್ಡಿ ದರವನ್ನು ಅದರ ನಿರಂತರ ರೂಪದಿಂದ, ಅಂದರೆ 0.06 ಅನ್ನು 1.06ರ ಸ್ವಾಭಾವಿಕ ಲಾಗರಿದಮ್ 0.05827ರಿಂದ ಭಾಗಿಸಿದ ಅಂಶ ಹೆಚ್ಚು ನಿಖರ, ಆಗ 1,049.65. ಇವೆರಡರ ನಡುವಿನ ಅಂತರ ನಗಣ್ಯ. ಆದರೆ ತಿದ್ದುಪಡಿಯನ್ನೇ ಮಾಡದಿದ್ದರೆ ಶೇ 3ರಷ್ಟು ಕಡಿಮೆ ವಸೂಲಿ ಮಾಡಿದಂತೆ. ಅದು ನನ್ನ ಮೊದಲ ತಪ್ಪಿಗಿಂತ ಆರು ಪಟ್ಟು ದೊಡ್ಡದು.

ಕೋಷ್ಟಕದ ತಲೆಬರಹವನ್ನೂ ಓದಬೇಕು. ವಯಸ್ಸು ಎಂದರೆ ಕಳೆದ ಹುಟ್ಟುಹಬ್ಬದ ವಯಸ್ಸೋ, ಹತ್ತಿರದ ಹುಟ್ಟುಹಬ್ಬದ್ದೋ ಎಂಬುದು ಅಲ್ಲಿರುತ್ತದೆ. ಇಷ್ಟೇ ಅಲ್ಲ, ವೈದ್ಯಕೀಯ ತಪಾಸಣೆ ದಾಟಿ ಈಗಷ್ಟೇ ಪಾಲಿಸಿ ಪಡೆದವರಲ್ಲಿ ಮೊದಲ ಕೆಲವು ವರ್ಷ ಸಾವು ಕಡಿಮೆ. ಅವರಿಗೆ ಪ್ರತ್ಯೇಕ ಕಂಬಗಳಿರುವ ಕೋಷ್ಟಕಗಳಿವೆ. ಅಂಥ ಕಂಬ ಇದ್ದರೆ ಚಿಕ್ಕ ಅವಧಿಯ ಪಾಲಿಸಿಗೆ ಅದನ್ನೇ ಬಳಸಬೇಕು.

ನಿಧಿ ಸೊನ್ನೆಗೆ ಬಂದು ನಿಂತದ್ದು ಸರಿಯಾಗಿ 1,224 ಜನ ಸತ್ತರೆಂದು ನಾವು ಊಹಿಸಿದ್ದರಿಂದ. ಒಂದೇ ಪಾಲಿಸಿಯನ್ನು ತೆಗೆದುಕೊಂಡರೆ, ಪರಿಹಾರದ ಇಂದಿನ ಮೌಲ್ಯದ ಪ್ರಮಾಣ ವಿಚಲನೆ, ಅಂದರೆ ಅದು ಸರಾಸರಿಯಿಂದ ಎಷ್ಟು ಏರುಪೇರಾಗುತ್ತದೆ ಎಂಬುದರ ಅಳತೆ, ಸುಮಾರು 9,190. ಪ್ರೀಮಿಯಂನ ಒಂಬತ್ತು ಪಟ್ಟು. ನೂರು ಪಾಲಿಸಿಗಳ ಸರಾಸರಿಗೆ ಅದು 919ಕ್ಕೆ ಇಳಿಯುತ್ತದೆ, ಅಂದರೆ ಇನ್ನೂ ಹೆಚ್ಚುಕಡಿಮೆ ಪ್ರೀಮಿಯಂನಷ್ಟೇ. ಹತ್ತು ಸಾವಿರ ಪಾಲಿಸಿಗಳಿಗೆ 92. ಒಬ್ಬರ ಸಾವಿಗೂ ಇನ್ನೊಬ್ಬರ ಸಾವಿಗೂ ಸಂಬಂಧವಿಲ್ಲ ಎಂಬ ಊಹೆಯ ಮೇಲೆ ಈ ಇಳಿಕೆ ನಿಂತಿದೆ. ಕೋಷ್ಟಕದ ಪ್ರತಿಯೊಂದು `q` ಹತ್ತನೇ ಒಂದರಷ್ಟು ಕಡಿಮೆ ಅಂದಾಜಾಗಿದ್ದರೆ ಪ್ರೀಮಿಯಂ ಕೂಡ ಹೆಚ್ಚುಕಡಿಮೆ ಅಷ್ಟೇ ಕಡಿಮೆ ಬಿದ್ದಿರುತ್ತದೆ, ಮತ್ತು ಪಾಲಿಸಿಗಳ ಸಂಖ್ಯೆ ಎಷ್ಟು ಹೆಚ್ಚಿದರೂ ಆ ಕೊರತೆ ಕರಗುವುದಿಲ್ಲ.