ರಾಹುಕಾಲಕ್ಕೆ ಕಾಗದ ಮಡಚಿ ನೋಡಿ

ಮಂಗಳವಾರ ಮೂರು ಹೊಡೆಯೋದೇ ತಡ, ನಮ್ಮ ಬೀದಿ ಹೆಣ್ಮಕ್ಕಳು ನಿಂಬೆಹಣ್ಣಿನ ದೀಪ ಹಿಡಿದು ದೇವಿ ಗುಡಿಗೆ ಓಡ್ತಾರೆ. ಮೂರೂವರೆಗೆ ಮಂಗಳಾರತಿ ತಗೊಂಡು ವಾಪಸ್ಸು. ಜೂನ್ ತಿಂಗಳಲ್ಲಿ ಆ ಹೊತ್ತಿಗೆ ಹಾಸನದಲ್ಲಿ ರಾಹುಕಾಲ ಶುರುವೇ ಆಗಿರಲ್ಲ ಕಣ್ರಮ್ಮಾ! ಕೇಳಿದ್ರೆ, "ಕ್ಯಾಲೆಂಡರಲ್ಲಿ ಮೂರರಿಂದ ನಾಲ್ಕೂವರೆ ಅಂತಿದೆಯಲ್ಲ ಅಜ್ಜಿ" ಅಂತಾರೆ. ಅದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗೋ ಸೂರ್ಯನ ಲೆಕ್ಕ. ನಮ್ಮೂರಲ್ಲಿ ವರ್ಷಕ್ಕೆ ಒಂದು ದಿನವೂ ಹಾಗಾಗಲ್ಲ. ಗಡಿಯಾರದ ಸಮಯ ಇಟ್ಟಿರೋದು ನಮಗಿಂತ ಎಷ್ಟೋ ಪೂರ್ವದ ಊರಿನ ಸೂರ್ಯನಿಗೆ. ನಮಗೆ ನಡುಹಗಲು ಸರಾಸರಿ ಇಪ್ಪತ್ತೈದು ನಿಮಿಷ ತಡ.

ಹಗಲನ್ನ ಎಂಟು ಪಾಲು ಮಾಡ್ಬೇಕು ಅನ್ನೋದು ಗೊತ್ತೇ ಇದೆ. ಮೊದಲ ಪಾಲು ಯಾವ ವಾರಕ್ಕೂ ಇಲ್ಲ. ಎರಡನೇದರಿಂದ ಸೋಮ, ಶನಿ, ಶುಕ್ರ, ಬುಧ, ಗುರು, ಮಂಗಳ, ಭಾನು. ಬಾಯಿಪಾಠ ಮಾಡ್ಕೊಳ್ಳಿ.

ನಮ್ಮತ್ತೆಗೆ ಭಾಗಾಕಾರ ಬರ್ತಿರಲಿಲ್ಲ, ಆದ್ರೂ ಅವರ ಲೆಕ್ಕ ತಪ್ತಿರಲಿಲ್ಲ. ಪೇಪರಿನ ಅಂಚಿಂದ ಗೇಣುದ್ದದ ಪಟ್ಟಿ ಕತ್ತರಿಸಿ, ಎಡತುದಿಗೆ ಸೂರ್ಯೋದಯ, ಬಲತುದಿಗೆ ಸೂರ್ಯಾಸ್ತ ಬರೆಯೋರು. ತುದಿಗೆ ತುದಿ ಕೂಡಿಸಿ ಮೂರು ಸಲ ಮಡಚಿ, ಉಗುರಲ್ಲಿ ಗೆರೆ ತೀಡಿದರೆ ಎಂಟು ಮನೆ. ಒಂದೊಂದು ಮಡಿಕೆಗೂ ಸಮಯವನ್ನು ಅರ್ಧ ಮಾಡ್ತಾ ಹೋಗೋದು, ಅಷ್ಟೆ.

ಜೂನ್ ಕೊನೆಗೆ ಇಲ್ಲಿ ಸುಮಾರು 6:02ಕ್ಕೆ ಉದಯ, 6:54ಕ್ಕೆ ಅಸ್ತ. ಹಗಲು 12 ಗಂಟೆ 52 ನಿಮಿಷ. ಅರ್ಧ ಅಂದ್ರೆ 6 ಗಂಟೆ 26 ನಿಮಿಷ. ನಡುವಿನ ಗೆರೆಗೆ 12:28 ಬರೀರಿ. ಶುಕ್ರವಾರದ ರಾಹುಕಾಲ ಅಲ್ಲಿ ಮುಗಿಯುತ್ತೆ, ಬುಧವಾರದ್ದು ಅಲ್ಲಿಂದಲೇ ಶುರು. ಮತ್ತೆ ಅರ್ಧ 3 ಗಂಟೆ 13 ನಿಮಿಷ, ನಡುಹಗಲಿಗೆ ಕೂಡಿಸಿದ್ರೆ 3:41. ಆರು ಮನೆ ದಾಟಿ ಬಂದ್ರಿ, ಮಂಗಳವಾರದ್ದು ಇಲ್ಲೇ ಶುರು. ಒಂದು ಮನೆಗೆ ತೊಂಬತ್ತಾರೂವರೆ ನಿಮಿಷ, 5:17ರವರೆಗೂ ಇರುತ್ತೆ. ನಾಲ್ಕೂವರೆಗೆ ಕಳೀತು ಅಂತ ಒಳ್ಳೆ ಕೆಲಸಕ್ಕೆ ಹೊರಟೋರು ನಟ್ಟನಡುವೆ ಸಿಕ್ಕಾಕೊಳ್ತಾರೆ. ಡಿಸೆಂಬರ್ ಕೊನೆಗೆ ಸುಮಾರು 6:46ಕ್ಕೆ ಹುಟ್ಟಿ 6:06ಕ್ಕೆ ಮುಳುಗುತ್ತೆ, ಮನೆಗೆ ಎಂಬತ್ತೈದೇ ನಿಮಿಷ; ಮಂಗಳವಾರದ್ದು 3:16ಕ್ಕೇ ಬಂದು 4:41ಕ್ಕೆ ಮುಗೀತು.

ಕೊನೇ ಮನೆ ಕೂಡಿಸಿದಾಗ ಸರಿಯಾಗಿ ಸೂರ್ಯಾಸ್ತಕ್ಕೆ ಬರಬೇಕು. ಬರದಿದ್ರೆ ಎಲ್ಲೋ ಗಂಟೆಯನ್ನ ನೂರು ನಿಮಿಷ ಮಾಡಿದ್ದೀರಿ, ಕ್ಯಾಲ್ಕ್ಯುಲೇಟರ್ ಹಿಡಿದೋರ ಹಣೆಬರಹವೇ ಅದು.

ಉದಯಾಸ್ತ ನಿಮ್ಮೂರಿಂದೇ ಇರಲಿ, ಬೆಂಗಳೂರಿನ ಪಂಚಾಂಗ ಆದ್ರೆ ಐದಾರು ನಿಮಿಷ ಸೇರಿಸಿ. ಸಕಲೇಶಪುರದ ಕಡೆಯೋರು ಗುಡ್ಡದ ಮೇಲೆ ಬಿಸಿಲು ಕಂಡ ಹೊತ್ತನ್ನ ಬರ್ಕೋಬೇಡಿ, ಅದು ತಡವಾಗಿರುತ್ತೆ.

ಅಂದಹಾಗೆ, ದೀಪಕ್ಕೆ ಹಿಂಡಿದ ನಿಂಬೆರಸ ಚೆಲ್ಲೋದು ಯಾಕೆ? ಒಂದು ಚಿಟಿಕೆ ಉಪ್ಪು ಸೇರಿಸಿ ಹಿತ್ತಾಳೆ ದೀಪಕ್ಕೆ ಉಜ್ಜಿ, ಚೆನ್ನಾಗಿ ತೊಳೆದು ಕೂಡಲೇ ಒರೆಸಿ. ಪಟ್ಟಿಯನ್ನ ದೇವರ ಗೂಡಲ್ಲಿಡಿ. ಹದಿನೈದು ದಿನಕ್ಕೊಂದು ಹೊಸದು ಮಾಡಿದ್ರೆ ಸಾಕು, ಅದರ ನಡುವೆ ಆಗೋ ವ್ಯತ್ಯಾಸ ಕೆಲವೇ ನಿಮಿಷ.